ಉತಾರದಲ್ಲಿ ಹೆಸರು ಬಂತು ಅಂತ ಸುಮ್ನೆ ಕೂರಬೇಡಿ. ನಾನು ಕೂತು ಕೆಟ್ಟೆ

ಹುಬ್ಬಳ್ಳಿಯಲ್ಲಿ ಹಳೇ ಮನೆ ಕೊಂಡವರು ಇದನ್ನು ಓದಲೇಬೇಕು. ಬರೆಯೋಕೆ ನಾಚಿಕೆ ಆಗ್ತಿದೆ, ಆದರೂ ಬರೆಯುತ್ತೇನೆ.

ಖರೀದಿಪತ್ರ ನೋಂದಣಿ ಆದ ದಿನವೇ ಒಬ್ಬ ಏಜೆಂಟ್ ಗಂಟು ಬಿದ್ದ. "ಹೆಸರು ಏರಿಸಿ ಕೊಡ್ತೀನಿ ಸರ್, ನೀವು ಅಡ್ಡಾಡೂದು ಬ್ಯಾಡ" ಅಂದ. 6,500 ರೂಪಾಯಿ ಕೊಟ್ಟೆ. ರಸೀದಿ ಕೇಳಲಿಲ್ಲ. ಎರಡು ತಿಂಗಳ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಉತಾರ ಅಂತ ಒಂದು ಹಾಳೆ ತಂದುಕೊಟ್ಟ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ದಾಖಲೆಯ ನಕಲು. ಅದರಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಎಲ್ಲ ಸರಿ. ಖುಷಿಯಾಗಿ ಅವನಿಗೆ ಗಿರಮಿಟ್ಟು, ಮಿರ್ಚಿ ಬೇರೆ ತಿನ್ನಿಸಿದೆ!

ಏಪ್ರಿಲ್‌ನಲ್ಲಿ 5% ರಿಯಾಯಿತಿ ಇರುತ್ತದಲ್ವಾ, ಮನೆಪಟ್ಟಿ, ಅಂದರೆ ಆಸ್ತಿ ತೆರಿಗೆ ಕಟ್ಟೋಕೆ ಪಾಲಿಕೆಗೆ ಹೋದೆ. ಚಲನ್ ಬಂದಿದ್ದು ಮಾರಿದವರ ಹೆಸರಿಗೆ. ನನ್ನ ಹಾಳೆ ತೆಗೆದು ಕೌಂಟರಿನಲ್ಲಿ ಜೋರು ಮಾಡಿದೆ. ಗುಮಾಸ್ತರು ಅದನ್ನು ತಿರುಗಿಸಿ ನೋಡಿ, "ಇದು ಸಿಟಿ ಸರ್ವೆ ಉತಾರ ರೀ. ನಮ್ಮ ಕಡೆ ನಿಮ್ಮ ಅರ್ಜಿನೇ ಬಂದಿಲ್ಲ" ಅಂದರು. ಹಿಂದೆ ನಿಂತಿದ್ದವರೊಬ್ಬರು ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

ಊರಿನ ಜಾಗಗಳ ಅಳತೆ ದಾಖಲೆ ಇಡುವ ಸಿಟಿ ಸರ್ವೆಯದು ಒಂದು ಕಚೇರಿ, ತೆರಿಗೆ ಕಟ್ಟಿಸಿಕೊಳ್ಳುವ ಪಾಲಿಕೆಯದು ಇನ್ನೊಂದು. ನೋಂದಣಿ ಆದರೆ ಸಿಟಿ ಸರ್ವೆಗೆ ಮಾಹಿತಿ ಹೋಗುತ್ತದೆ, ಅಲ್ಲಿ ಹೆಸರು ಬದಲಾಗುತ್ತದೆ. ಅಂದರೆ ತಾನಾಗೇ ಆಗುವ ಕೆಲಸಕ್ಕೇ ನಾನು 6,500 ತೆತ್ತೆ! ಪಾಲಿಕೆಯ ತೆರಿಗೆ ದಾಖಲೆಗೆ ಬೇರೆಯೇ ಅರ್ಜಿ ಹಾಕಬೇಕಿತ್ತು. ಅದನ್ನು ಅವನು ಹಾಕೇ ಇರಲಿಲ್ಲ.

ಏಜೆಂಟ್‌ಗೆ ಫೋನ್ ಮಾಡಿದೆ. "ಉತಾರದಾಗ ಹೆಸರು ಏರಿಸ್ತೀನಿ ಅಂದಿದ್ದೆ, ಏರೇತಲ್ರೀ. ಪಾಲಿಕಿದು ಬೇರೆ ಕೆಲಸ, ಬೇರೆ ರೊಕ್ಕ" ಅಂದ. ಏನು ಹೇಳಲಿ? ದಿನವಿಡೀ ಆಫೀಸಿನಲ್ಲಿ ಬೇರೆಯವರ ಕಾಗದ ತಿದ್ದುವ ನಾನು, ನನ್ನ ಮನೆಯ ಕಾಗದದ ತಲೆಬರಹ ಓದಲಿಲ್ಲ. ಹಾಳೆಯ ಮೇಲೆ ಸಿಟಿ ಸರ್ವೆಯ ಸಿಟಿಎಸ್ ನಂಬರ್ ದೊಡ್ಡದಾಗಿ ಇತ್ತು. ಪಾಲಿಕೆ ಆಸ್ತಿಯ ಗುರುತಿಗೆ ಕೊಡುವ ಪಿಐಡಿ ನಂಬರ್ ಎಲ್ಲೂ ಇರಲಿಲ್ಲ. ಅಷ್ಟು ನೋಡಿದ್ದರೆ ಸಾಕಿತ್ತು.

ಕೊನೆಗೆ ನಾನೇ ಅರ್ಜಿ ಬರೆದೆ. ಖರೀದಿಪತ್ರದ ನಕಲು, ಆಸ್ತಿಯ ಋಣಭಾರ ತೋರಿಸುವ ಇಸಿ, ಸಿಟಿ ಸರ್ವೆ ಉತಾರ, ತೆರಿಗೆ ರಸೀದಿ, ಆಧಾರ್ ಎಲ್ಲ ಲಗತ್ತಿಸಿದೆ. ಆಗ ಇನ್ನೊಂದು ಪೆಟ್ಟು. ಮಾರಿದವರು ಎರಡು ವರ್ಷದ ಪಟ್ಟಿ ಬಾಕಿ ಇಟ್ಟಿದ್ದರು. ನಾನು ಏಪ್ರಿಲ್‌ನಲ್ಲಿ ಕಟ್ಟಿದ್ದು ಈ ವರ್ಷದ್ದು ಮಾತ್ರ. ಬಾಕಿ ತೀರದೆ ಅರ್ಜಿ ಮುಂದೆ ಹೋಗಲ್ಲ ಅಂದರು. ಮಾರಿದವರಿಗೆ ಫೋನ್ ಹಚ್ಚಿದರೆ, "ಮನಿ ಈಗ ನಿಮ್ದಲ್ರೀ?" ಅಂತ ಕೇಳಿದರು. ನನ್ನದೇ ಹೌದು. ಪಾಲಿಕೆಯ ಪುಸ್ತಕದಲ್ಲಿ ಬಿಟ್ಟು!

ಬಾಕಿಯನ್ನು ಬಡ್ಡಿ ಸಮೇತ ನಾನೇ ಕಟ್ಟಿದೆ. ದಯವಿಟ್ಟು ನೋಂದಣಿಗೆ ಮುಂಚೆಯೇ ಪಟ್ಟಿ ಬಾಕಿ ಕೇಳಿ, ರಸೀದಿ ಕಣ್ಣಿಂದ ನೋಡಿ. ಹೆಸರು ಬದಲಾವಣೆಗೆ ನೀವೇ ಹೋಗಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಚೀಟಿ ಇಸಿದುಕೊಳ್ಳಿ. ಚೀಟಿ ಇಲ್ಲ ಅಂದರೆ ಅರ್ಜಿಯೂ ಇಲ್ಲ. ನನ್ನ ಚೀಟಿ ಈಗ ಪರ್ಸಿನಲ್ಲೇ ಇದೆ. ಸೋಮವಾರ ಮತ್ತೆ ಹೋಗುವವನಿದ್ದೇನೆ.