ಶ್ಲೋಕ ಬಿಡಿಸಿ ಓದಲು ಕಲಿಸುವ ಏಳು ನಿಮಿಷದ ವಿಡಿಯೊ: ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ಪದ ಬಿಡಿಸುವುದನ್ನು ಕಲಿಸೋಕೆ ಈ ವಿಡಿಯೊ ತುಂಬಾ ಚೆನ್ನಾಗಿದೆ. ಬಿಡಿಸಿದ ಮೇಲೆ ಶ್ಲೋಕವನ್ನು ಬಾಯಲ್ಲಿ ಹೇಗೆ ಹೇಳಬೇಕು ಅನ್ನುವುದನ್ನು ಮಾತ್ರ ಅರ್ಧಕ್ಕೇ ಕೈಬಿಟ್ಟಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಕಳೆದೆ ಅನ್ನುವುದು ಈ ವಿಮರ್ಶೆಯ ಮುಕ್ಕಾಲು ಭಾಗ.

ನಮ್ಮ ಬಡಾವಣೆಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಶ್ಲೋಕ ಹೇಳಿಕೊಡುತ್ತೇನೆ. ಐದನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗಿನ ಮಕ್ಕಳು ಬರುತ್ತಾರೆ. ಕೆಲವರಿಗೆ ಶಾಲೆಯಲ್ಲಿ ಸಂಸ್ಕೃತ ಇದೆ, ಹೆಚ್ಚಿನವರಿಗೆ ಇಲ್ಲ. ಕೈಯಲ್ಲಿರುವುದು ಕನ್ನಡ ಲಿಪಿಯ ಪುಸ್ತಕ. ವಿಡಿಯೊದಲ್ಲಿ ಮಾತೆಲ್ಲ ಕನ್ನಡದಲ್ಲಿದೆ, ಶ್ಲೋಕವನ್ನು ಮೇಲೆ ದೇವನಾಗರಿಯಲ್ಲಿ, ಕೆಳಗೆ ಕನ್ನಡದಲ್ಲಿ ತೋರಿಸುತ್ತಾರೆ. ತೆಗೆದುಕೊಂಡಿರುವುದು ಭಗವದ್ಗೀತೆ ಎರಡನೇ ಅಧ್ಯಾಯದ 47ನೇ ಶ್ಲೋಕ:

ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ ।
ಮಾ ಕರ್ಮಫಲಹೇತುರ್ಭೂರ್ಮಾ ತೇ ಸಂಗೋಽಸ್ತ್ವಕರ್ಮಣಿ ॥

ಈ ಆಯ್ಕೆಗೇ ಅರ್ಧ ಮಾರ್ಕು ಕೊಡಬಹುದು. ಎಲ್ಲರಿಗೂ ಬಾಯಿಗೆ ಬರುವ ಶ್ಲೋಕ, ಎಲ್ಲರೂ ತಪ್ಪು ಜಾಗದಲ್ಲಿ ನಿಲ್ಲಿಸುವ ಶ್ಲೋಕವೂ ಇದೇ. ಭಾಷಣದಲ್ಲಿ, ಟೀವಿಯಲ್ಲಿ, ಮದುವೆ ಮನೆಯ ಮೈಕಿನಲ್ಲಿ ಕೇಳಿ ನೋಡಿ. 'ಕರ್ಮಣ್ಯೇ' ಅಂತ ಎಳೆದು, ಉಸಿರು ತಗೊಂಡು, ಆಮೇಲೆ 'ವಾಧಿಕಾರಸ್ತೇ' ಅನ್ನುತ್ತಾರೆ. ಕರ್ಮಣ್ಯೇ ಅನ್ನುವ ಪದವೂ ಅಲ್ಲಿಲ್ಲ, ವಾಧಿಕಾರ ಅನ್ನುವ ಪದವೂ ಇಲ್ಲ. ಇರುವುದು ಕರ್ಮಣಿ, ಏವ, ಅಧಿಕಾರಃ, ತೇ. ಹಾಗೆ ನಿಲ್ಲಿಸಿದಾಗ 'ಏವ' ಅನ್ನುವ ಪುಟ್ಟ ಪದ ನಡುವೆಯೇ ಮುರಿದುಹೋಗುತ್ತದೆ. 'ಕರ್ಮದಲ್ಲಿ ಮಾತ್ರ' ಅಂತ ಶ್ಲೋಕ ಒತ್ತಿ ಹೇಳುವುದು ಆ ಏವದಿಂದಲೇ.

ವಿಡಿಯೊ ಮೊದಲು ಮಾಡುವುದು ಅಕ್ಷರ ಎಣಿಸುವ ಕೆಲಸ. ಇದು ಅನುಷ್ಟುಪ್. ಪಾದಕ್ಕೆ ಎಂಟು ಅಕ್ಷರ, ನಾಲ್ಕು ಪಾದ. ಒತ್ತಕ್ಷರ ಎಷ್ಟೇ ದಪ್ಪ ಇದ್ದರೂ ಒಂದೇ ಲೆಕ್ಕ, ಅವಗ್ರಹ ಲೆಕ್ಕಕ್ಕಿಲ್ಲ. ಕ, ರ್ಮ, ಣ್ಯೇ, ವಾ, ಧಿ, ಕಾ, ರ, ಸ್ತೇ. ಬೆರಳು ಮಡಿಸುತ್ತಾ ಎಂಟಾಯಿತು. ಮಕ್ಕಳಿಗೆ ಇದು ತಕ್ಷಣ ಹಿಡಿಸುತ್ತದೆ, ವ್ಯಾಕರಣ ಏನೂ ಬೇಕಿಲ್ಲವಲ್ಲ. ಬಹಳ ವಿಡಿಯೊಗಳು ಶುರುವಿನಲ್ಲೇ ಸೂತ್ರ ಹೇಳಿ ಮಕ್ಕಳನ್ನು ಓಡಿಸಿಬಿಡುತ್ತವೆ, ಇವರು ಹಾಗೆ ಮಾಡಿಲ್ಲ.

ಎರಡನೇ ಹಂತದಲ್ಲಿ ಸಂಧಿ ಬಿಡಿಸುತ್ತಾರೆ. ಕನ್ನಡ ಮೀಡಿಯಂ ಮಕ್ಕಳಿಗೆ ಇಲ್ಲಿ ಒಂದು ಅನುಕೂಲ ಇದೆ. ವಿದ್ಯಾಭ್ಯಾಸ ಸವರ್ಣದೀರ್ಘ, ಅತ್ಯಂತ ಮತ್ತು ಮನ್ವಂತರ ಯಣ್ ಸಂಧಿ ಅಂತ ಅವರು ಕನ್ನಡ ವ್ಯಾಕರಣದಲ್ಲೇ ಓದಿರುತ್ತಾರೆ. ಕರ್ಮಣಿ + ಏವ ಸೇರಿ ಕರ್ಮಣ್ಯೇವ ಆಗುವುದು ಅತ್ಯಂತದ ಲೆಕ್ಕವೇ. ಅಸ್ತು + ಅಕರ್ಮಣಿ ಸೇರಿ ಅಸ್ತ್ವಕರ್ಮಣಿ ಆಗುವುದು ಮನ್ವಂತರದ ಹಾಗೆ. ಏವ + ಅಧಿಕಾರಃ ಸವರ್ಣದೀರ್ಘ. ವಿಡಿಯೊ ಈ ಕನ್ನಡ ಉದಾಹರಣೆಗಳನ್ನೇ ಎತ್ತಿಕೊಂಡು ಹೇಳುತ್ತದೆ. ಒಳ್ಳೆಯ ಮೇಷ್ಟ್ರ ಕೈಕೆಲಸ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಮಕ್ಕಳಿಗೆ ಗೊತ್ತಿಲ್ಲದಿರುವುದು ವಿಸರ್ಗ. ಈ ಶ್ಲೋಕದಲ್ಲಿ ಅದು ಮೂರು ರೀತಿ ಬದಲಾಗುತ್ತದೆ. ಅಧಿಕಾರಃ + ತೇ ಅಂದರೆ ವಿಸರ್ಗ ಸ್ ಆಗಿ ಅಧಿಕಾರಸ್ತೇ. ಹೇತುಃ + ಭೂಃ ಅಂದರೆ ರ್ ಆಗಿ ಹೇತುರ್ಭೂಃ. ಸಂಗಃ + ಅಸ್ತು ಅಂದರೆ ಸಂಗೋಽಸ್ತು, ಅಸ್ತು ಪದದ ಅ ನುಂಗಿಹೋಗಿ ಅದರ ಗುರುತಿಗೆ ಅವಗ್ರಹ ಉಳಿಯುತ್ತದೆ. ನಿಧಾನ ಮಾಡಬೇಕಾದ ಈ ಜಾಗದಲ್ಲೇ ವಿಡಿಯೊ ಓಡುತ್ತದೆ. ನಾನು ಪ್ರತಿ ಸಲ ಇಲ್ಲಿ ನಿಲ್ಲಿಸಿ ಬೋರ್ಡಿಗೆ ಹೋಗುತ್ತೇನೆ. ನೀವೂ ನಿಲ್ಲಿಸಿ.

ಅದಕ್ಕಿಂತ ದೊಡ್ಡ ತೊಡಕು 'ಭೂರ್ಮಾ'. ಪುಸ್ತಕದಲ್ಲಿ ಅದು ಒಂದೇ ಪದದ ಹಾಗೆ ಅಚ್ಚಾಗಿರುತ್ತದೆ. ಮೂರನೇ ಪಾದ ಭೂಗೆ ಮುಗಿಯುತ್ತದೆ, ಮಾ ನಾಲ್ಕನೇ ಪಾದದ್ದು. ಎಣಿಸಿದರೆ ಗೊತ್ತಾಗುತ್ತದೆ: ಮಾ, ಕ, ರ್ಮ, ಫ, ಲ, ಹೇ, ತು, ರ್ಭೂ. ಎಂಟು. ಆದರೆ ಕಣ್ಣಿನಲ್ಲಿ ನೋಡಿ ಕತ್ತರಿಸಿದರೆ ಎಡವಟ್ಟು. ಕನ್ನಡದಲ್ಲಿ ಅರ್ಕಾವೊತ್ತನ್ನು ಮಾ ಅಕ್ಷರದ ಆಚೆ ಬರೆಯುತ್ತೇವೆ, ಉಚ್ಚಾರದಲ್ಲಿ ಅದು ಮಾಗಿಂತ ಮೊದಲು ಬರುತ್ತದೆ. ಮಗು ಮಾದ ಹಿಂದೆ ಪೆನ್ಸಿಲ್ ಗೆರೆ ಎಳೆದರೆ ರ್ ಕೂಡ ಮಾದ ಜೊತೆ ಆಚೆ ಹೋಗುತ್ತದೆ, ಭೂ ಬೋಳಾಗಿ ನಿಲ್ಲುತ್ತದೆ. ಆ ರ್ ನಿಜಕ್ಕೂ ಭೂಃ ಪದದ ವಿಸರ್ಗ. ದೇವನಾಗರಿಯಲ್ಲೂ ರೇಫ ಮಾದ ತಲೆ ಮೇಲೆ ಕೂತಿರುತ್ತದೆ, ಆದ್ದರಿಂದ ಅಲ್ಲೂ ಬಿಡುಗಡೆ ಇಲ್ಲ. ವಿಡಿಯೊ ಸರಿಯಾದ ಉತ್ತರ ತೋರಿಸುತ್ತದೆ, ಈ ಗುಂಡಿ ಇಲ್ಲಿದೆ ಅಂತ ಮಾತ್ರ ಹೇಳುವುದಿಲ್ಲ. ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಅರ್ಕಾವೊತ್ತು ಕಂಡರೆ ಮೊದಲು ಅದನ್ನು ರ್ ಅಂತ ಬಿಡಿಸಿ ಬರೆದುಕೊಳ್ಳಿ, ಆಮೇಲೆ ಕತ್ತರಿಸಿ.

ಇನ್ನೊಂದು ಸುಲಭದ ಗುರುತೂ ಇದೆ, ವಿಡಿಯೊದಲ್ಲಿ ಬಂದಿಲ್ಲ. ಈ ಶ್ಲೋಕದ ಎರಡು, ಮೂರು, ನಾಲ್ಕನೇ ಪಾದ ಮೂರೂ 'ಮಾ' ಇಂದಲೇ ಶುರುವಾಗುತ್ತವೆ. ಮೂರೂ 'ಬೇಡ' ಅನ್ನುವ ಮಾತು. ಇದನ್ನು ಹೇಳಿದ ಮೇಲೆ ನಮ್ಮ ಕ್ಲಾಸಿನಲ್ಲಿ 'ಭೂರ್ಮಾ' ಅಂತ ನಿಲ್ಲಿಸುವುದು ನಿಂತೇ ಹೋಯಿತು. "ಭೂಃ ಅಂದ್ರೆ ಭೂಮಿನಾ ಮಿಸ್?" ಅಂತ ಒಬ್ಬಳು ಕೇಳಿದ್ದಳು. ಅಲ್ಲ, ಆ ಪಾದದ ಮೊದಲ ಮಾ ಜೊತೆ ಸೇರಿ 'ಆಗಬೇಡ' ಅಂತ.

ಈಗ ನನ್ನ ಮುಖ್ಯ ತಕರಾರು. ವಿಡಿಯೊದ ಕೊನೆಯ ನಿಮಿಷದಲ್ಲಿ ಬಿಡಿಸಿದ ಪದಗಳನ್ನು ಸಾಲಾಗಿ ತೋರಿಸಿ, "ಈಗ ಗಟ್ಟಿಯಾಗಿ ಓದಿ" ಅನ್ನುತ್ತಾರೆ. ಕರ್ಮಣಿ ಏವ ಅಧಿಕಾರಃ ತೇ. ಅದಾದ ತಕ್ಷಣ ಮೂಲ ಶ್ಲೋಕವನ್ನು ಒಂದು ಸಲ ರಾಗವಾಗಿ ಹೇಳಿ ಮುಗಿಸುತ್ತಾರೆ. ಎರಡರ ನಡುವೆ ಏನು ಸಂಬಂಧ ಅಂತ ಹೇಳಿಲ್ಲ. ಮಕ್ಕಳು ಬಿಡಿಸಿದ್ದನ್ನೇ ಶ್ಲೋಕದ ಧಾಟಿಯಲ್ಲಿ ಹೇಳೋಕೆ ಹೊರಡುತ್ತಾರೆ. ಆಗ ಏನಾಗುತ್ತದೆ ಎಣಿಸಿ ನೋಡಿ. ಕ, ರ್ಮ, ಣಿ, ಏ, ವ, ಅ, ಧಿ, ಕಾ, ರಃ, ತೇ. ಹತ್ತು! ನಾಲ್ಕನೇ ಪಾದ 'ಮಾ ತೇ ಸಂಗಃ ಅಸ್ತು ಅಕರ್ಮಣಿ' ಅಂದರೂ ಹತ್ತೇ. ಎಂಟರ ಧಾಟಿಗೆ ಹತ್ತನ್ನು ತುರುಕಿದರೆ ಹುಡುಗರು ಎರಡು ಅಕ್ಷರ ನುಂಗುತ್ತಾರೆ, ಇಲ್ಲವೇ ತಾಳ ತಪ್ಪುತ್ತಾರೆ. ತಪ್ಪು ಹಿಡಿಯುವ ಸುಲಭ ದಾರಿಯೂ ಇದೇ. ಮಗು ಹೇಳುವಾಗ ನೀವು ಸುಮ್ನೆ ಬೆರಳು ಮಡಿಸುತ್ತಾ ಹೋಗಿ.

ಸಂಧಿ ಮಾಡುವುದು ಬಿಡುವುದು ನಮ್ಮ ಇಷ್ಟ ಅಲ್ವಾ ಅಂತ ಕೇಳುವವರಿದ್ದಾರೆ. ಗದ್ಯದ ವಾಕ್ಯದಲ್ಲಿ ಹೌದು. ಒಂದೇ ಪದದೊಳಗೆ, ಸಮಾಸದಲ್ಲಿ, ಧಾತು–ಉಪಸರ್ಗದ ನಡುವೆ ಸಂಧಿ ಆಗಲೇಬೇಕು, ವಾಕ್ಯದಲ್ಲಿ ಮಾತ್ರ ಹೇಳುವವರ ಇಚ್ಛೆ ಅನ್ನುವ ಹಳೆಯ ಕಾರಿಕೆಯೇ ಇದೆ. ಆದರೆ ಶ್ಲೋಕದ ಪಾದದೊಳಗೆ ಆ ಸಲಿಗೆ ನಡೆಯುವುದಿಲ್ಲ. ಕವಿ ಲೆಕ್ಕ ಹಾಕಿರುವುದು ಸಂಧಿ ಆದ ಮೇಲಿನ ಅಕ್ಷರಗಳನ್ನು.

ಹಾಗಾಗಿ ವಿಡಿಯೊ ಮುಗಿದ ಮೇಲೆ ನಾನು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಸುತ್ತೇನೆ. ಮೊದಲ ಸಾಲು ಪುಸ್ತಕದಲ್ಲಿ ಇದ್ದ ಹಾಗೆ. ಎರಡನೇ ಸಾಲು ಪದ ಬಿಡಿಸಿದ್ದು, ಅದನ್ನು ಮಾತನಾಡಿದ ಹಾಗೆ ನಿಧಾನವಾಗಿ ಓದಬೇಕು, ರಾಗ ಬೇಡ. ಮೂರನೇ ಸಾಲಿನಲ್ಲಿ ಸಂಧಿ ಹಾಗೇ ಇಟ್ಟು, ಎಂಟು ಅಕ್ಷರಕ್ಕೊಂದು ಗೆರೆ:

ಕರ್ಮಣ್ಯೇವಾಧಿಕಾರಸ್ತೇ | ಮಾ ಫಲೇಷು ಕದಾಚನ ‖
ಮಾ ಕರ್ಮಫಲಹೇತುರ್ಭೂಃ | ಮಾ ತೇ ಸಂಗೋಽಸ್ತ್ವಕರ್ಮಣಿ ‖

ಶ್ಲೋಕವಾಗಿ ಹೇಳುವುದು ಈ ಮೂರನೇ ಸಾಲನ್ನು. ನಿಲ್ಲುವುದು ಗೆರೆ ಇದ್ದಲ್ಲಿ ಮಾತ್ರ. ಒಂಟಿ ಗೆರೆಗೆ ಚಿಕ್ಕ ತಡೆ, ಜೋಡಿ ಗೆರೆಗೆ ಉಸಿರು. ಭೂಃ ಹತ್ತಿರ ನಿಲ್ಲಿಸಿದರೆ ವಿಸರ್ಗ ಬರಬೇಕು, ನಿಲ್ಲಿಸದೆ ಹೋದರೆ ಭೂರ್ಮಾ. 'ಭೂರ್' ಅಂತ ನಾಲಿಗೆ ಮಡಿಸಿಕೊಂಡು ನಿಲ್ಲುವುದು ಎರಡೂ ಅಲ್ಲ. ಎರಡನೇ ಸಾಲನ್ನು ಓದಿದ ಮಗು ಮೂರನೇ ಸಾಲನ್ನು ಬೇರೆ ಥರಾನೇ ಹೇಳುತ್ತದೆ, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕರ್ಮಣ್ಯೇವಾಧಿಕಾರಸ್ತೇ ಒಂದೇ ಉಸಿರಿನಲ್ಲಿ ಬಂದರೂ ಏವದ ಮೇಲೆ ಚೂರು ಒತ್ತು ಬೀಳುತ್ತದೆ. ಅಸ್ತ್ವಕರ್ಮಣಿಯಲ್ಲಿ ಅ ಮಾಯ ಆಗುವುದಿಲ್ಲ.

ಚಿಕ್ಕಪುಟ್ಟ ಕೊರತೆಗಳೂ ಇವೆ. ಕರ್ಮಫಲಹೇತುಃ ಒಂದೇ ಸಮಾಸಪದ. ವಿಡಿಯೊ ಅದರ ನಡುವೆ ಅಡ್ಡಗೆರೆ ಹಾಕಿ ಕರ್ಮ-ಫಲ-ಹೇತುಃ ಅಂತ ತೋರಿಸುತ್ತದೆ. ಅರ್ಥಕ್ಕೆ ಸರಿ, ಆದರೆ ಮಕ್ಕಳು ಗೆರೆ ಕಂಡಲ್ಲೆಲ್ಲ ನಿಲ್ಲುತ್ತಾರೆ. ಫ ಅಕ್ಷರವನ್ನು ಫ್ಯಾನ್ ಅನ್ನುವ ಹಾಗೆ ಹೇಳಬಾರದು ಅಂತ ಒಂದು ಮಾತು ಸೇರಿಸಬಹುದಿತ್ತು, 'ಫಲೇಷು' ಬಂದಾಗಲೆಲ್ಲ ಅದೇ ಗೋಳು. ಮಧ್ಯದಲ್ಲಿ ಜಾಹೀರಾತು ಬರುವುದಂತೂ ಸಂಧಿ ಬಿಡಿಸುವ ಹೊತ್ತಿಗೇ ಸರಿಯಾಗಿ. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ವೇಗ 0.75x ಇಡಿ.

ಮಕ್ಕಳಿಗೆ ನಿಜವಾಗಿ ಬಂತಾ ಅಂತ ನೋಡೋಕೆ ನಾನು ಕೊಡುವುದು ನಾಲ್ಕನೇ ಅಧ್ಯಾಯದ 7ನೇ ಶ್ಲೋಕದ ಎರಡನೇ ಸಾಲು, 'ಅಭ್ಯುತ್ಥಾನಮಧರ್ಮಸ್ಯ ತದಾತ್ಮಾನಂ ಸೃಜಾಮ್ಯಹಮ್'. ಮೊದಲ ಪಾದವನ್ನು 'ಅಭ್ಯುತ್ಥಾನ, ಮಧರ್ಮಸ್ಯ' ಅಂತ ಒಡೆದರೆ ಇನ್ನೂ ಕಣ್ಣಿನಲ್ಲೇ ಕತ್ತರಿಸುತ್ತಿದ್ದಾರೆ ಅಂತ ಲೆಕ್ಕ. ಮ್ ಹಿಂದಿನ ಪದದ್ದು, ಏಳುತ್ತಿರುವುದು ಅಧರ್ಮ. ತದಾತ್ಮಾನಂ ಇನ್ನೂ ಮಜಾ ಇದೆ. ತತ್ + ಆತ್ಮಾನಂ ಅಂದರೂ ತದಾ + ಆತ್ಮಾನಂ ಅಂದರೂ ಕೂಡಿದ ರೂಪ ಒಂದೇ. ಸಂಧಿ ನಿಯಮ ಇಲ್ಲಿ ಕೈಕೊಡುತ್ತದೆ, ಮೇಲಿನ ಸಾಲು ನೋಡಬೇಕು. ಅಲ್ಲಿ 'ಯದಾ ಯದಾ' ಇದೆ, ಆದ್ದರಿಂದ ಇಲ್ಲಿ ತದಾ. ಹೀಗೆ ಎರಡು ದಾರಿ ಇರುವ ಪದ ಬಂದಾಗ ಏನು ಮಾಡಬೇಕು ಅಂತ ವಿಡಿಯೊ ಎಲ್ಲೂ ಹೇಳುವುದಿಲ್ಲ.

ಅನುಷ್ಟುಪ್ ದಾಟಿದರೆ ಈ ವಿಡಿಯೊ ಸಾಲುವುದಿಲ್ಲ. 'ಯಾ ಕುಂದೇಂದುತುಷಾರಹಾರಧವಲಾ' ಕಲಿಸುವಾಗ ಮಕ್ಕಳು ಎಂಟು ಎಣಿಸಿ ಸಮಾಸದ ನಡುವೆಯೇ ಗೆರೆ ಎಳೆದರು. ಅದು ಶಾರ್ದೂಲವಿಕ್ರೀಡಿತ, ಪಾದಕ್ಕೆ ಹತ್ತೊಂಬತ್ತು ಅಕ್ಷರ, ಹನ್ನೆರಡಕ್ಕೆ ಯತಿ. ಧವಲಾ ಮುಗಿಯುವುದೂ ಸರಿಯಾಗಿ ಹನ್ನೆರಡಕ್ಕೇ, ಅಲ್ಲಿವರೆಗೆ ಉಸಿರು ಹಿಡಿಯಬೇಕು. ಇದೇ ಮೇಷ್ಟ್ರು ಉದ್ದ ವೃತ್ತಗಳಿಗೆ ಇನ್ನೊಂದು ಏಳು ನಿಮಿಷದ ವಿಡಿಯೊ ಮಾಡಿದರೆ ನಾನು ಮೊದಲ ದಿನವೇ ನೋಡುತ್ತೇನೆ. ಜಾಹೀರಾತು ಬಂದರೂ ಪರವಾಗಿಲ್ಲ.