ತ್ರಿಕೋನಗಳ ಪಟ್ಟಿ ನೋಡಿ ಮಾದರಿಗೆ ಹಣ ಕೊಡಬೇಡಿ

ಮೊಬೈಲ್ ಆಟಕ್ಕಾಗಿ ಹೊರಗಿನವರಿಂದ ತ್ರೀಡಿ ಮಾದರಿ ಮಾಡಿಸುವವರು ಇದನ್ನು ಓದಬೇಕು. ಎಲ್‌ಒಡಿ, ಅಂದರೆ ದೂರದಿಂದ ತೋರಿಸಲು ಮಾಡಿದ ಹಗುರ ರೂಪಗಳ ಸಮೇತ ಸಿದ್ಧವಾಗಿದೆ ಎಂದು ಒಂದು ಸ್ಟುಡಿಯೋ ಕೊಟ್ಟ ಮಾದರಿ ನಮ್ಮ ಆಟವನ್ನು ನಿಲ್ಲಿಸಿಬಿಟ್ಟಿತು. ಅವರು ಅದನ್ನು ಸರಿಪಡಿಸಿದ ರೀತಿಯಂತೂ ಇನ್ನೊಂದು ತೊಂದರೆಯನ್ನೇ ತಂದಿತು. ಸ್ಟುಡಿಯೋದ ಹೆಸರು ಇಲ್ಲಿ ಬೇಡ. ಇಂಥ ಕೆಲಸ ಅನೇಕ ಕಡೆ ನಡೆಯುತ್ತಿದೆ, ಗುರುತಿಸುವುದು ಹೇಗೆಂಬುದು ಮುಖ್ಯ.

ನಾವು ಕೇಳಿದ್ದು 48 ಕಂಬಗಳ ಒಂದು ದೇವಾಲಯ ಮಂಟಪ. ಎಂಜಿನ್ ಯೂನಿಟಿ, ದೃಶ್ಯ ಬಿಡಿಸಲು ಅದರದೇ ಯುಆರ್‌ಪಿ ವ್ಯವಸ್ಥೆ. ಆಟಗಾರ ಮಂಟಪದ ಒಳಗೇ ಓಡಾಡುತ್ತಾನೆ. ಒಂದೇ ಕಂಬದ ಮಾದರಿಯನ್ನು 48 ಕಡೆ ನಿಲ್ಲಿಸುವ ಯೋಜನೆ. ಕಂಬದ ಮೈ ಎಷ್ಟು ತ್ರಿಕೋನಗಳಿಂದ ಕಟ್ಟಿದೆ ಎಂದು ಅವರು ಕಳಿಸಿದ ಪಟ್ಟಿ ಚೆಂದವಾಗಿತ್ತು: ಹತ್ತಿರದ ರೂಪ LOD0ದಲ್ಲಿ 12,000 ತ್ರಿಕೋನ, ನಂತರ 5,000, ನಂತರ 1,500, ಅತಿ ದೂರದ LOD3ರಲ್ಲಿ ಬರೀ 300. ಪರದೆಯ ಮೇಲೆ ಕಂಬ ಚಿಕ್ಕದಾದಂತೆ ಎಂಜಿನ್ ಹಗುರವಾದ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ. ಆ ಬದಲಾವಣೆ ಸರಿಯಾಗಿಯೇ ನಡೆಯುತ್ತಿತ್ತು.

ಆದರೂ ಸಾಧಾರಣ ಬೆಲೆಯ ಫೋನಿನಲ್ಲಿ ಒಂದು ಫ್ರೇಮಿಗೆ 41 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಸೆಕೆಂಡಿಗೆ 30 ಫ್ರೇಮ್ ಬೇಕೆಂದರೆ 33ರ ಒಳಗೆ ಮುಗಿಯಬೇಕು. ತ್ರಿಕೋನ ಇನ್ನೂ ಕಡಿಮೆ ಮಾಡಿಕೊಡುತ್ತೇವೆ, ಅದಕ್ಕೆ ಬೇರೆ ಹಣ ಎಂದು ಸ್ಟುಡಿಯೋದವರು ಹೇಳಿದರು. ಇಂಥ ಮಾತಿಗೆ ಒಪ್ಪುವ ಮೊದಲು ಒಂದು ಸಾಲಿನ ಪರೀಕ್ಷೆ ಮಾಡಿ:

```csharp
QualitySettings.maximumLODLevel = 3;
```

ಈ ಸಾಲು ಹಾಕಿದರೆ ಎಷ್ಟೇ ಹತ್ತಿರವಿದ್ದರೂ ಎಲ್ಲ ಕಂಬಗಳೂ LOD3ರಲ್ಲೇ ಕಾಣಿಸುತ್ತವೆ. ನೋಡಲು ಅಂದಗೆಡುತ್ತದೆ, ಪರೀಕ್ಷೆಗೆ ಅಡ್ಡಿಯಿಲ್ಲ. ನಮಗೆ ಸಿಕ್ಕಿದ್ದು 39 ಮಿಲಿಸೆಕೆಂಡ್. ಇಡೀ ಮಂಟಪದ ಕಂಬಗಳೆಲ್ಲ ಸೇರಿ 14,400 ತ್ರಿಕೋನಕ್ಕೆ ಇಳಿದಿದ್ದವು, ಉಳಿತಾಯವಾದದ್ದು ಎರಡೇ ಮಿಲಿಸೆಕೆಂಡ್. ಅಂದಮೇಲೆ ಕಾಯಿಲೆ ತ್ರಿಕೋನದ್ದಲ್ಲ.

ಒಂದು ಫ್ರೇಮನ್ನು ಎಂಜಿನ್ ಹೇಗೆ ಬಿಡಿಸುತ್ತದೆಂದು ತೋರಿಸುವ ಯೂನಿಟಿಯ Frame Debugger ತೆರೆದಾಗ ಕಾರಣ ಕಂಡಿತು. ಮೇಲ್ಮೈಯ ಬಣ್ಣ, ಹೊಳಪು ಹೇಗಿರಬೇಕೆಂದು ಹೇಳುವ ಮೆಟೀರಿಯಲ್‌ಗಳು ಒಂದು ಕಂಬಕ್ಕೆ ಆರಿದ್ದವು: ಪೀಠಕ್ಕೊಂದು, ನಡುಗಂಬಕ್ಕೊಂದು, ಕೆತ್ತನೆಯ ಪಟ್ಟಿಗೊಂದು, ಬೋದಿಗೆಗೊಂದು, ಹಿತ್ತಾಳೆಯ ಬಳೆಗೊಂದು, ಪಾಚಿಗಟ್ಟಿದ ಭಾಗಕ್ಕೊಂದು. ಒಂದು ವಸ್ತುವಿನಲ್ಲಿ ಎಷ್ಟು ಮೆಟೀರಿಯಲ್‌ಗಳಿವೆಯೋ ಅಷ್ಟು ತುಂಡುಗಳಾಗಿ ಅದನ್ನು ಬಿಡಿಸಬೇಕಾಗುತ್ತದೆ. ಪ್ರತಿ ತುಂಡಿಗೂ ಪ್ರೊಸೆಸರ್ ಗ್ರಾಫಿಕ್ಸ್ ಚಿಪ್‌ಗೆ ಪ್ರತ್ಯೇಕ ಆದೇಶ ಕೊಡಬೇಕು, ಅದೇ ಡ್ರಾ ಕಾಲ್. 48 ಕಂಬ, ಆರು ತುಂಡು ಎಂದರೆ 288. ನೆರಳಿಗಾಗಿ ಅದನ್ನೆಲ್ಲ ಮತ್ತೊಮ್ಮೆ ಬಿಡಿಸಬೇಕಾದ್ದರಿಂದ 576. ಅವರ LOD3ರಲ್ಲೂ ಅದೇ ಆರು ಮೆಟೀರಿಯಲ್‌ಗಳು ಉಳಿದಿದ್ದವು. ಬೆರಳುಗುರಿನಷ್ಟು ಕಾಣುವ ಕಂಬಕ್ಕೆ, ಸರಾಸರಿ 50 ತ್ರಿಕೋನಗಳ ಒಂದೊಂದು ಚೂರಿಗೆ, ಒಂದೊಂದು ಆದೇಶ! ಉಪಕರಣದಿಂದ ತ್ರಿಕೋನ ಸವೆಸಿದ್ದು ಬಿಟ್ಟರೆ ದೂರದ ರೂಪಗಳಿಗೆ ಯಾರೂ ಕೈಯನ್ನೇ ಹಚ್ಚಿರಲಿಲ್ಲ.

ಯುಆರ್‌ಪಿಯಲ್ಲಿ ಎಸ್‌ಆರ್‌ಪಿ ಬ್ಯಾಚರ್ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಎಂಬ ಸಮಜಾಯಿಷಿ ಬಂತು. ಅದು ಡ್ರಾ ಕಾಲ್‌ಗಳ ಸಂಖ್ಯೆಯನ್ನು ಇಳಿಸುವುದಿಲ್ಲ, ಒಂದೊಂದರ ಹಿಂದಿನ ಸಿದ್ಧತೆಯ ಖರ್ಚನ್ನು ಇಳಿಸುತ್ತದೆ. ಅದೂ ಮೇಲ್ಮೈಯ ಬಣ್ಣ, ಬೆಳಕನ್ನು ಲೆಕ್ಕಹಾಕುವ ಶೇಡರ್ ಎಂಬ ಪ್ರೋಗ್ರಾಂ ಹೊಂದಿಕೊಂಡಿದ್ದರೆ ಮಾತ್ರ. ಅವರೇ ಬರೆದ ಶೇಡರನ್ನು ಆರಿಸಿ ಇನ್‌ಸ್ಪೆಕ್ಟರ್‌ನಲ್ಲಿ ನೋಡಿದರೆ SRP Batcher ಎಂಬುದರ ಮುಂದೆ not compatible ಎಂದಿತ್ತು. ಮೆಟೀರಿಯಲ್‌ನ ಮೌಲ್ಯಗಳನ್ನು `UnityPerMaterial` ಎಂಬ ಬಫರ್‌ನೊಳಗೆ ಘೋಷಿಸಿರಲಿಲ್ಲ. ಈ ಒಂದು ಸಾಲನ್ನು ನೋಡಲು ಯಾರಿಗೂ ಕೋಡ್ ಗೊತ್ತಿರಬೇಕಿಲ್ಲ.

ಒತ್ತಾಯಿಸಿದ ಮೇಲೆ ಹೊಸ ಫೈಲ್ ಬಂತು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದನ್ನು ನೋಡಿ. 48 ಕಂಬಗಳನ್ನೂ ಬೆಸೆದು ಒಂದೇ ವಸ್ತು ಮಾಡಿದ್ದರು. ಡ್ರಾ ಕಾಲ್ ಹನ್ನೆರಡಕ್ಕೆ ಇಳಿಯಿತು, ಆ ಸಂಖ್ಯೆಯ ಚಿತ್ರ ತೆಗೆದು ಕಳಿಸಿ ಉಳಿದ ಹಣ ಕೇಳಿದರು. ಫೋನಿನಲ್ಲಿ ನೋಡಿದರೆ ಮೊದಲಿಗಿಂತ ನಿಧಾನ, ಜೊತೆಗೆ ಕೈ ಸುಡುವ ಬಿಸಿ.

ಯೂನಿಟಿಯ LOD Group ಒಂದು ವಸ್ತು ಪರದೆಯ ಎತ್ತರದ ಶೇಕಡಾ ಎಷ್ಟನ್ನು ತುಂಬಿದೆ ಎಂದು ಅಳೆದು ರೂಪ ಆರಿಸುತ್ತದೆ. ಮಂಟಪವೇ ಒಂದು ವಸ್ತುವಾದರೆ ಅದರೊಳಗೆ ನಿಂತ ಆಟಗಾರನಿಗೆ ಅದು ಯಾವಾಗಲೂ ಪರದೆಯನ್ನು ಮೀರಿಯೇ ಇರುತ್ತದೆ. ಆದ್ದರಿಂದ ಸದಾ LOD0. ಮಂಟಪದ ಆಚೆ ತುದಿಯ ಕಂಬಕ್ಕೂ 12,000 ತ್ರಿಕೋನ, ಒಟ್ಟು 5,76,000. ಬೆನ್ನ ಹಿಂದಿನ ಕಂಬಗಳನ್ನೂ ಎಂಜಿನ್ ಬಿಟ್ಟುಬಿಡಲಾರದು, ಏಕೆಂದರೆ ಅದರ ಲೆಕ್ಕಕ್ಕೆ ಅವು ಬೇರೆ ವಸ್ತುಗಳಲ್ಲ. ಎಲ್‌ಒಡಿಗೆ ವಸ್ತುಗಳು ಬಿಡಿಬಿಡಿಯಾಗಿರಬೇಕು, ಡ್ರಾ ಕಾಲ್ ಇಳಿಸಲು ಒಂದಾಗಬೇಕು. ಈ ಜಗ್ಗಾಟದ ಅರಿವಿಲ್ಲದವರ ಕೈಗೆ ಮಾದರಿ ಸಿಕ್ಕರೆ ಒಂದು ಕಡೆ ಉಳಿಸಿ ಇನ್ನೊಂದು ಕಡೆ ಕಳೆಯುತ್ತಾರೆ.

ಕೊನೆಗೆ ನಮ್ಮ ತಂಡದ ಕಲಾವಿದೆಯೇ ಕೆಲಸ ಕೈಗೆತ್ತಿಕೊಂಡರು. ಕಂಬಗಳು ಬಿಡಿಯಾಗಿಯೇ ಉಳಿದವು, ಮೆಟೀರಿಯಲ್‌ಗಳು ಒಂದಾದವು. ಮೇಲ್ಮೈಗೆ ಹೊದಿಸುವ ಚಿತ್ರಗಳಾದ ಆರು ಟೆಕ್ಸ್‌ಚರ್‌ಗಳನ್ನು ಒಂದೇ ಚಿತ್ರದಲ್ಲಿ ಜೋಡಿಸಿದ ಅಟ್ಲಾಸ್ ಮಾಡಬೇಕು. ನೇರವಾಗಿ ಅಂಟಿಸಲು ಬರುವುದಿಲ್ಲ: ನಡುಗಂಬದ ಕಲ್ಲಿನ ಟೆಕ್ಸ್‌ಚರ್ ಮೇಲಿಂದ ಕೆಳಗೆ ಮತ್ತೆ ಮತ್ತೆ ಮರುಕಳಿಸುವಂಥದ್ದು. ಅಟ್ಲಾಸಿನ ಒಂದು ಚೌಕದೊಳಗೆ ಹಾಗೆ ಮರುಕಳಿಸಿದರೆ ಅದು ಪಕ್ಕದ ಚೌಕದ ಹಿತ್ತಾಳೆಗೆ ನುಗ್ಗುತ್ತದೆ. ಅದಕ್ಕಾಗಿ ಕಂಬದ ಮೈಯನ್ನು ಚಪ್ಪಟೆಯಾಗಿ ಹರಡಿ, ಅಂದರೆ ಹೊಸದಾಗಿ ಯುವಿ ಬಿಡಿಸಿ, ಬ್ಲೆಂಡರ್‌ನಲ್ಲಿ ಹಳೆಯ ಕಂಬದ ಬಣ್ಣ ಮತ್ತು ಉಬ್ಬುತಗ್ಗು ತೋರಿಸುವ ನಾರ್ಮಲ್ ವಿವರಗಳನ್ನು 2048 ಪಿಕ್ಸೆಲ್‌ನ ಅಟ್ಲಾಸಿಗೆ ಬೇಕ್ ಮಾಡಿದರು. ಹತ್ತಿರದಿಂದ ನೋಡಿದರೆ ಕಲ್ಲಿನ ಚುರುಕು ಸ್ವಲ್ಪ ಕಡಿಮೆಯಾಗಿದೆ, ಅದನ್ನು ಒಪ್ಪಿಕೊಂಡೆವು.

ಚೌಕಗಳ ನಡುವಿನ ಅಂತರದ ಬಗ್ಗೆಯೂ ಎಚ್ಚರವಿರಲಿ. ದೂರ ಹೋದಂತೆ ಎಂಜಿನ್ ಟೆಕ್ಸ್‌ಚರನ್ನು ಹಂತಹಂತವಾಗಿ ಅರ್ಧಕ್ಕಿಳಿಸುತ್ತದೆ. 8 ಪಿಕ್ಸೆಲ್ ಅಂತರ ಬಿಟ್ಟಿದ್ದರೆ ಮೂರನೆಯ ಹಂತಕ್ಕೆ ಒಂದೇ ಪಿಕ್ಸೆಲ್ ಉಳಿದು, ಅದರಾಚೆ ಬಣ್ಣಗಳು ಒಂದರೊಳಗೊಂದು ಸೋರುತ್ತವೆ. ದೂರದ ಕಂಬಗಳ ಅಂಚಿನಲ್ಲಿ ಹಸಿರು ಗೆರೆ ಕಂಡರೆ ಇದೇ ಕಾರಣ. ನಾವು 16 ಬಿಟ್ಟೆವು.

ಯುಆರ್‌ಪಿಯದೇ Lit ಶೇಡರ್ ಹಾಕಿದ ಮೇಲೆ ಎಲ್ಲ ಕಂಬಗಳೂ ಕಾಣುವಾಗ ಡ್ರಾ ಕಾಲ್ 96, ಬೆನ್ನ ಹಿಂದಿನವು ಬಿಟ್ಟುಹೋದಾಗ ಅದಕ್ಕೂ ಕಡಿಮೆ. ಫ್ರೇಮಿನ ಸಮಯ 24 ಮಿಲಿಸೆಕೆಂಡಿಗೆ ಬಂತು, ಮೂಲದ 12,000 ತ್ರಿಕೋನಗಳಲ್ಲಿ ಒಂದನ್ನೂ ತೆಗೆಯದೆ.

ಕೊಟ್ಟ ಮುಂಗಡ ಮರಳಿ ಬರಲಿಲ್ಲ. ಮೆಟೀರಿಯಲ್‌ಗಳ ಸಂಖ್ಯೆ ಒಪ್ಪಂದದಲ್ಲಿ ಇರಲಿಲ್ಲ ಎಂಬುದೇ ಅವರ ಕೊನೆಯ ಉತ್ತರ. ಆದ್ದರಿಂದ ಪ್ರತಿ ಎಲ್‌ಒಡಿಗೆ ತ್ರಿಕೋನದ ಜೊತೆ ಮೆಟೀರಿಯಲ್ ಎಷ್ಟು, ಯಾವುದು ಬಿಡಿ ವಸ್ತುವಾಗಿ ಉಳಿಯಬೇಕು, ಯಾವ ಶೇಡರ್ ಎಂದು ಬರೆಯಿಸಿಕೊಳ್ಳಿ. ಫೈಲ್ ಬಂದ ಕೂಡಲೇ LOD Group ಇರುವ ವಸ್ತುವಿನ ಮೇಲೆ, ಸ್ಕ್ರಿಪ್ಟ್‌ನ `Start` ಒಳಗೆ, ಇದನ್ನು ಓಡಿಸಿ:

```csharp
foreach (var lod in GetComponent<LODGroup>().GetLODs())
{
    int n = 0;
    foreach (var r in lod.renderers)
        n += r.sharedMaterials.Length;
    Debug.Log(n);
}
```

ನಮಗೆ ಬಂದ ಮೊದಲ ಫೈಲ್‌ನಲ್ಲಿ ಇದು 6, 6, 6, 6 ಎಂದು ತೋರಿಸುತ್ತಿತ್ತು. ಎಲ್‌ಒಡಿ ಇಳಿದರೂ ಸಂಖ್ಯೆ ಹೀಗೆ ಒಂದಕ್ಕಿಂತ ಹೆಚ್ಚಾಗಿ ಕದಲದೆ ನಿಂತಿದ್ದರೆ ಉಳಿದ ಕಂತನ್ನು ತಡೆಹಿಡಿಯಿರಿ.