ಒಂದೇ ಬಿಲ್, ಐದು ಪೇಮೆಂಟ್: 2,64,000 ರೂಪಾಯಿ 19 ದಿನ ಸಿಕ್ಕಿಬಿದ್ದದ್ದು ಹೀಗೆ

ನಾನು ಇಳಕಲ್ ಸೀರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ದಸರಾಕ್ಕೆ ಮುಂಚೆ ಪುಣೆಯ ಒಂದು ಮಹಿಳಾ ಸಂಘದವರು 40 ಸೀರೆ ಕೊಂಡರು, ಒಟ್ಟು 1,90,000 ರೂಪಾಯಿ. ಒಂದೇ ಸಲ ಕಾರ್ಡಿನಲ್ಲಿ ಹೋಗಲಿಲ್ಲ ಎಂದು 38,000ದ ಐದು ಪೇಮೆಂಟ್ ಲಿಂಕ್ ಕಳಿಸಿದೆ. ಎಡವಿದ್ದು ಅಲ್ಲೇ.

ಮರುದಿನ ಪೇಮೆಂಟ್ ಕಂಪನಿಯವರು ನನ್ನ ಸೆಟಲ್‌ಮೆಂಟ್, ಅಂದರೆ ನನ್ನ ಬ್ಯಾಂಕ್ ಖಾತೆಗೆ ಹಾಕಬೇಕಿದ್ದ ಹಣ, ಪೂರ್ತಿ ತಡೆದರು. ಬೇರೆ ಗ್ರಾಹಕರ 74,000 ಕೂಡ ಅದರಲ್ಲೇ ಸಿಕ್ಕಿಕೊಂಡಿತು. ಖಾತೆ ತೆರೆಯುವಾಗ ತಿಂಗಳ ವ್ಯಾಪಾರ 80,000 ಎಂದು ಬರೆದಿದ್ದೆ. ಅಂಥ ಖಾತೆಗೆ ಒಂದೇ ಕಾರ್ಡಿನಿಂದ, ಒಂದೇ ಮೊತ್ತ, ಐದು ಸಲ ಬಂದರೆ ಕದ್ದ ಕಾರ್ಡ್ ಇರಬಹುದು ಎಂದು ಅನುಮಾನ ಬರುತ್ತದೆ. ಅದು ನನಗೆ ಆಮೇಲೆ ತಿಳಿದದ್ದು.

ಮೊದಲ ವಾರ ಸುಮ್ನೆ ಹಾಳಾಯಿತು. ನೇಕಾರರಿಗೆ ಕೂಲಿ ಕೊಡಬೇಕಿತ್ತು. ಗಾಬರಿಯಲ್ಲಿ ದಿನಾ 'ದಯವಿಟ್ಟು ಹಣ ಬಿಡಿ' ಎಂದು ಹೊಸ ಮೇಲ್ ಹಾಕಿದೆ. ಪ್ರತಿ ಮೇಲ್‌ಗೂ ಹೊಸ ಟಿಕೆಟ್, ಅದೇ ಸಿದ್ಧ ಉತ್ತರ. ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟ್ ಕಳಿಸಿದರೆ 'ಸಾಲದು' ಎಂದರು. ಬಿಲ್ ಕಳಿಸಿದೆ. ಬಿಲ್‌ನಲ್ಲಿ 1,90,000, ಅವರ ಲೆಕ್ಕದಲ್ಲಿ 38,000. ತಾಳೆ ಆಗುತ್ತಿಲ್ಲ ಎಂದು ಅದೂ ವಾಪಸ್ ಬಂತು.

ಕೊನೆಗೆ ನನ್ನ ಜಿಎಸ್‌ಟಿ ನೋಡುವ ಅಕೌಂಟೆಂಟ್ ಕೂರಿಸಿಕೊಂಡು ಬರೆಸಿದರು. ಹಳೆಯ ಟಿಕೆಟ್‌ಗೇ ಉತ್ತರವಾಗಿ ಒಂದೇ ಪತ್ರ. ಮೇಲೆ ಮರ್ಚೆಂಟ್ ಐಡಿ, ತಡೆದ ಮೊತ್ತ, ತಾರೀಖು. ಕೆಳಗೆ ಎರಡೇ ಸಾಲು: 'ಈ ಐದು ಪಾವತಿಗಳು ಒಂದೇ ಆರ್ಡರ್‌ಗೆ ಸೇರಿದವು. ಸರಕು ತಲುಪಿದೆ, ದಾಖಲೆ ಲಗತ್ತಿಸಿದೆ; ಸೆಟಲ್‌ಮೆಂಟ್ ಬಿಡುಗಡೆ ಮಾಡಿ, ಆಗದಿದ್ದರೆ ಕಾರಣ ಬರೆದು ತಿಳಿಸಿ.' ಆಮೇಲೆ ಐದೂ ಪೇಮೆಂಟ್ ಐಡಿಗಳನ್ನು ಆ ಒಂದು ಬಿಲ್ ನಂಬರಿನ ಎದುರು ಬರೆದ ಪಟ್ಟಿ. ಕೆಲಸ ಮಾಡಿದ್ದು ಈ ಪಟ್ಟಿಯೇ ಎಂದು ನನ್ನ ನಂಬಿಕೆ.

ಲಗತ್ತುಗಳಿಗೆ ನಂಬರ್ ಹಾಕಿದೆವು: ಸಂಘದ ಲೆಟರ್‌ಹೆಡ್‌ನ ಆರ್ಡರ್ ಪತ್ರ, ಜಿಎಸ್‌ಟಿ ಬಿಲ್, ಇ-ವೇ ಬಿಲ್, ಸರಕು ಪಡೆದವರ ಸಹಿ ಇರುವ ಸಾಗಣೆ ರಸೀದಿ, ನೇಕಾರರಿಂದ ಕೊಂಡ ಬಿಲ್‌ಗಳು, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಬೇರೆ ರಾಜ್ಯಕ್ಕೆ 50,000ಕ್ಕಿಂತ ಜಾಸ್ತಿ ಬೆಲೆಯ ಸರಕು ಹೋಗುವಾಗ ಇ-ವೇ ಬಿಲ್ ಬೇಕೇ ಬೇಕು, ಅಲ್ವಾ? ಅದನ್ನು ಸರಕು ಹೊರಡುವ ಮುಂಚೆಯೇ ಮಾಡಿಸಿರಬೇಕು. ಬ್ಯಾಂಕಿನಲ್ಲಿ ನನ್ನ ಹೆಸರು, ಬಿಲ್‌ನಲ್ಲಿ ಅಂಗಡಿ ಹೆಸರು ಇತ್ತು. ಎರಡೂ ಹೆಸರು ಒಟ್ಟಿಗಿರುವ ಜಿಎಸ್‌ಟಿ ಸರ್ಟಿಫಿಕೇಟನ್ನೂ ಸೇರಿಸಿದೆವು.

ದಯವಿಟ್ಟು ಯಾರೂ ಐದು ಪೇಮೆಂಟ್‌ಗೆ ಹೊಂದಲಿ ಎಂದು ಈಗ ಕೂತು ಐದು ಬಿಲ್ ಸೃಷ್ಟಿಸಬೇಡಿ. ಇ-ವೇ ಬಿಲ್‌ನಲ್ಲಿ ಹಳೆಯ ಬಿಲ್ ನಂಬರ್ ಇರುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ನಿಜವಾದ ವ್ಯಾಪಾರವೂ ಸುಳ್ಳಾಗಿ ಕಾಣುತ್ತದೆ.

ಆ ಪತ್ರದ ಪ್ರತಿಯನ್ನು ಕಂಪನಿಯ ನೋಡಲ್ ಅಧಿಕಾರಿಗೂ ಕಳಿಸಿದೆ. ದೂರು ನೋಡಲು ಇಂಥ ಅಧಿಕಾರಿ ಇರಲೇಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಅವರ ವಿವರ ಕಂಪನಿಯ ವೆಬ್‌ಸೈಟ್‌ನಲ್ಲೇ ಇತ್ತು. ನಾಲ್ಕನೇ ದಿನ ಪೂರ್ತಿ ಹಣ ಬಂತು.

ಈಗ ದೊಡ್ಡ ಆರ್ಡರ್ ಬಂದರೆ ಲಿಂಕ್ ಬದಲು ನನ್ನ ಬ್ಯಾಂಕ್ ಖಾತೆಗೆ ನೇರವಾಗಿ ಎನ್‌ಇಎಫ್‌ಟಿ ಇಲ್ಲವೇ ಆರ್‌ಟಿಜಿಎಸ್ ಮಾಡಲು ಹೇಳುತ್ತೇನೆ. ಕಾರ್ಡೇ ಬೇಕು ಎಂದರೆ ಆರ್ಡರ್ ಪತ್ರವನ್ನು ಮೊದಲೇ ಪೇಮೆಂಟ್ ಕಂಪನಿಗೆ ಕಳಿಸಿ, ಉತ್ತರ ಬಂದ ಮೇಲೆ ಹಣ ತೆಗೆದುಕೊಳ್ಳುತ್ತೇನೆ.